ಲೆಕ್ಕ ತಾಳೆಯಾದರೆ ಸಾಲದು: ತಿಂಗಳ ಆದಾಯದ ಬ್ರಿಡ್ಜ್ ಓದುವುದು ಹೇಗೆ

ಸಬ್‌ಸ್ಕ್ರಿಪ್ಶನ್ ಮೇಲೆ ನಡೆಯುವ ಕಂಪನಿಗೆ ಹೊಸದಾಗಿ ಸೇರಿದವರಿಗೆ ತಿಂಗಳ ಮೊದಲ ಮೀಟಿಂಗ್‌ನಲ್ಲೇ ಆದಾಯದ ಬ್ರಿಡ್ಜ್ ಎಂಬ ಒಂದು ಚಿತ್ರ ಎದುರಾಗುತ್ತದೆ. ಎಡಗಡೆ ಒಂದು ಎತ್ತರದ ಕಂಬ. ಅದರ ಪಕ್ಕ, ನೆಲಕ್ಕೆ ತಾಗದೆ ತೇಲುವ ಎರಡು ಹಸಿರು ತುಂಡು, ಎರಡು ಕೆಂಪು ತುಂಡು. ಬಲಗಡೆ ಕೊನೆಗೆ ಇನ್ನೊಂದು ಎತ್ತರದ ಕಂಬ. ಎಲ್ಲರೂ ಅದನ್ನು ನೋಡಿ ತಲೆಯಾಡಿಸುತ್ತಾರೆ, ಮುಂದಿನ ಸ್ಲೈಡ್ ಬರುತ್ತದೆ.

ಈ ಚಿತ್ರ ಈಗ ಲೆಕ್ಕ ವಿಭಾಗದವರಿಗಷ್ಟೇ ಸೇರಿದ್ದಲ್ಲ. ಒಮ್ಮೆ ಹಣ ಕೊಟ್ಟು ಕೊಳ್ಳುತ್ತಿದ್ದ ಎಷ್ಟೋ ಸಾಫ್ಟ್‌ವೇರ್ ಇವತ್ತು ತಿಂಗಳ ಬಾಡಿಗೆ ಲೆಕ್ಕಕ್ಕೆ ಬಂದಿದೆ. 2013ರಲ್ಲಿ ಅಡೋಬಿ ತನ್ನ ಕ್ರಿಯೇಟಿವ್ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳನ್ನು ಚಂದಾ ಮೂಲಕವೇ ಕೊಡುವುದಾಗಿ ಹೇಳಿದ್ದು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹಾಗಾಗಿ ಮಾರಾಟದವರು, ಗ್ರಾಹಕರನ್ನು ನೋಡಿಕೊಳ್ಳುವವರು, ಇಂಥ ಕಂಪನಿಯಲ್ಲಿ ಹಣ ಹಾಕಿದವರು, ಎಲ್ಲರ ಮುಂದೆಯೂ ಈ ಬ್ರಿಡ್ಜ್ ಬಂದು ನಿಲ್ಲುತ್ತದೆ. ಅದರ ಒಳಗೆ ಏನಿದೆ, ಅದನ್ನು ಕಟ್ಟುವುದು ಹೇಗೆ, ಎಲ್ಲಿ ಎಡವುತ್ತದೆ ಎಂದು ಒಂದೊಂದಾಗಿ ನೋಡೋಣ.

## ಮೊದಲು ಎಂಆರ್‌ಆರ್ ಅಂದರೆ ಏನು

ಬ್ರಿಡ್ಜ್‌ನ ಎರಡು ತುದಿಯ ಕಂಬಗಳು ತೋರಿಸುವುದು ಮಂತ್ಲಿ ರಿಕರಿಂಗ್ ರೆವೆನ್ಯೂ, ಚಿಕ್ಕದಾಗಿ ಎಂಆರ್‌ಆರ್ ಅನ್ನು. ಅಂದರೆ, ಇವತ್ತು ಚಾಲ್ತಿಯಲ್ಲಿರುವ ಚಂದಾಗಳೆಲ್ಲ ಹೀಗೇ ಮುಂದುವರಿದರೆ ಒಂದು ತಿಂಗಳಿಗೆ ಎಷ್ಟು ಹಣ ಬರಬೇಕು ಎಂಬ ಮೊತ್ತ.

ಇದು ಬ್ಯಾಂಕಿಗೆ ಬಂದ ಹಣ ಅಲ್ಲ. ಗ್ರಾಹಕರೊಬ್ಬರು ಇಡೀ ವರ್ಷಕ್ಕೆ 96,000 ಒಟ್ಟಿಗೆ ಕಟ್ಟಿದರು ಅನ್ನಿ. ಬ್ಯಾಂಕಿನಲ್ಲಿ ಆ ದಿನ 96,000 ಕಾಣುತ್ತದೆ, ಎಂಆರ್‌ಆರ್‌ಗೆ ಸೇರುವುದು ಮಾತ್ರ ಅದರ ಹನ್ನೆರಡನೇ ಒಂದು ಭಾಗ, 8,000. ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಕ್ಕೆ, ತರಬೇತಿ ಕೊಟ್ಟಿದ್ದಕ್ಕೆ ಒಂದೇ ಸಲ ತೆಗೆದುಕೊಂಡ ಶುಲ್ಕ ಇದರೊಳಗೆ ಬರುವುದೇ ಇಲ್ಲ. ಯಾಕಂದರೆ ಅದು ಮುಂದಿನ ತಿಂಗಳು ಮತ್ತೆ ಬರುವುದಿಲ್ಲ.

ಲೆಕ್ಕಪತ್ರದಲ್ಲಿ ಕಾಣುವ ಆದಾಯವೂ ಇದಲ್ಲ. ಅದಕ್ಕೆ ಲೆಕ್ಕಶಾಸ್ತ್ರದ ನಿಯಮಗಳಿವೆ, ಆಡಿಟ್ ಇದೆ. ಎಂಆರ್‌ಆರ್‌ಗೆ ಅಂಥ ಅಧಿಕೃತ ವ್ಯಾಖ್ಯೆ ಇಲ್ಲ, ಪ್ರತಿ ಕಂಪನಿಯೂ ತನ್ನ ನಿಯಮ ತಾನೇ ಬರೆದುಕೊಳ್ಳುತ್ತದೆ. ಈ ಮಾತು ನೆನಪಿರಲಿ. ಬ್ರಿಡ್ಜ್‌ನಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

## ಒಂದೇ ಏರಿಕೆ, ಎರಡು ಕಥೆ

ಎರಡು ಕಂಪನಿಗಳನ್ನು ಊಹಿಸಿಕೊಳ್ಳಿ. ಎರಡರ ಎಂಆರ್‌ಆರ್ ತಿಂಗಳ ಆರಂಭದಲ್ಲಿ 5,00,000 ಇತ್ತು, ಕೊನೆಗೆ 5,10,000 ಆಯಿತು. ಇಬ್ಬರದೂ ಹತ್ತು ಸಾವಿರ ಏರಿದೆ, ಶೇಕಡ 2. ಇಷ್ಟೇ ನೋಡಿದರೆ ಎರಡೂ ಒಂದೇ ಅಲ್ವಾ?

ಬಸ್ಸು ನಿಲ್ದಾಣಕ್ಕೆ ಬಂದಾಗ ಒಳಗೆ ನಲವತ್ತು ಜನ, ಹೊರಟಾಗಲೂ ನಲವತ್ತು ಜನ. ಯಾರೂ ಇಳಿಯದೇ ಇದ್ದಿರಬಹುದು. ಮೂವತ್ತು ಜನ ಇಳಿದು ಬೇರೆ ಮೂವತ್ತು ಜನ ಹತ್ತಿರಲೂಬಹುದು. ತಲೆ ಎಣಿಸಿದರೆ ಇದು ಗೊತ್ತಾಗುವುದಿಲ್ಲ, ಬಾಗಿಲ ಬಳಿ ನಿಂತು ನೋಡಬೇಕು. ಬ್ರಿಡ್ಜ್ ಮಾಡುವುದು ಆ ಕೆಲಸವನ್ನೇ. ತಿಂಗಳಲ್ಲಿ ಆದ ಬದಲಾವಣೆಯನ್ನು ಅದು ನಾಲ್ಕು ಪಾಲು ಮಾಡುತ್ತದೆ.

ತಿಂಗಳ ಆರಂಭದಲ್ಲಿ ಏನೂ ಕೊಡದೆ ಇದ್ದು ಕೊನೆಗೆ ಕೊಡುತ್ತಿರುವವರಿಂದ ಬಂದದ್ದು ಹೊಸ ಆದಾಯ, ಅಂದರೆ ನ್ಯೂ. ಮೊದಲೂ ಕೊಡುತ್ತಿದ್ದವರು ಈಗ ಜಾಸ್ತಿ ಕೊಡುತ್ತಿದ್ದರೆ, ಆ ಹೆಚ್ಚಿದ ಭಾಗ ಎಕ್ಸ್‌ಪ್ಯಾನ್ಶನ್. ಬಿಟ್ಟುಹೋಗಿಲ್ಲ, ಆದರೆ ಕಡಿಮೆ ಕೊಡುತ್ತಿದ್ದಾರೆ ಅಂದರೆ ಆ ಇಳಿದ ಭಾಗ ಕಾಂಟ್ರಾಕ್ಷನ್. ಪೂರ್ತಿ ಬಿಟ್ಟುಹೋದವರ ಜೊತೆ ಹೋದದ್ದು ಚರ್ನ್.

ಈಗ ಮೊದಲ ಕಂಪನಿಯ ಒಳಗೆ ಇಣುಕೋಣ. ಹೊಸದು 60,000, ಎಕ್ಸ್‌ಪ್ಯಾನ್ಶನ್ 15,000. ಕಾಂಟ್ರಾಕ್ಷನ್ 20,000, ಚರ್ನ್ 45,000. ಕೂಡಿ ಕಳೆದರೆ ಹತ್ತು ಸಾವಿರ. ಎರಡನೇ ಕಂಪನಿಯದು ಹೊಸದು 12,000, ಎಕ್ಸ್‌ಪ್ಯಾನ್ಶನ್ 8,000, ಕಾಂಟ್ರಾಕ್ಷನ್ 4,000, ಚರ್ನ್ 6,000. ಇಲ್ಲೂ ಉತ್ತರ ಹತ್ತು ಸಾವಿರವೇ.

ಮೊದಲನೆಯವರು ಆರಂಭದಲ್ಲಿದ್ದ 5,00,000ದಲ್ಲಿ 65,000 ಕಳೆದುಕೊಂಡಿದ್ದಾರೆ. ಉಳಿದದ್ದು 4,35,000, ಶೇಕಡ 87. ಪ್ರತಿ ತಿಂಗಳೂ ಇದೇ ವೇಗದಲ್ಲಿ ಸೋರಿದರೆ ಇವತ್ತಿರುವ ಆದಾಯದಲ್ಲಿ ಅರ್ಧ ಭಾಗ ಐದೇ ತಿಂಗಳಲ್ಲಿ ಕರಗಿಹೋಗುತ್ತದೆ. ಮಾರಾಟದ ತಂಡ ಒಂದು ತಿಂಗಳು ಸೋತರೆ ಸಾಕು, ಬಲಗಡೆಯ ಕಂಬ ಕುಸಿಯುತ್ತದೆ. ಎರಡನೇ ಕಂಪನಿಯಲ್ಲಿ ಶೇಕಡ 98 ಉಳಿದಿದೆ. ಅಲ್ಲಿ ಮಾರಾಟ ನಿಧಾನ ನಿಜ, ಆದರೆ ಬಂದವರು ನಿಲ್ಲುತ್ತಿದ್ದಾರೆ. ಇಬ್ಬರಿಗೂ ಬೇಕಾದ ಚಿಕಿತ್ಸೆ ಬೇರೆ ಬೇರೆ.

## ಬ್ರಿಡ್ಜ್ ಕಟ್ಟುವುದು ಹೇಗೆ

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಎರಡು ದಿನದ ಪಟ್ಟಿ ಸಾಕು. ಹೋದ ತಿಂಗಳ ಕೊನೆಯ ದಿನ ಪ್ರತಿ ಗ್ರಾಹಕರ ಎಂಆರ್‌ಆರ್ ಎಷ್ಟಿತ್ತು, ಈ ತಿಂಗಳ ಕೊನೆಯ ದಿನ ಎಷ್ಟಿದೆ. ಎರಡನ್ನೂ ಒಂದೇ ಶೀಟ್‌ನಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡು ಪಟ್ಟಿಯಲ್ಲಿ ಯಾವುದಾದರೂ ಒಂದರಲ್ಲಿ ಹೆಸರಿದ್ದರೂ ಆ ಗ್ರಾಹಕರಿಗೆ ಒಂದು ಸಾಲು ಇರಲೇಬೇಕು. ಒಂದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಲ್ಲಿ ಸೊನ್ನೆ ಬರೆಯಿರಿ. ಈ ತಿಂಗಳ ಪಟ್ಟಿಯನ್ನಷ್ಟೇ ಹಿಡಿದು ಶೀಟ್ ಮಾಡಿದರೆ ಬಿಟ್ಟುಹೋದವರ ಸಾಲೇ ಇರುವುದಿಲ್ಲ. ಆಗ ಚರ್ನ್ ಸೊನ್ನೆ ಎಂದು ತೋರಿಸುತ್ತದೆ.

ಆರು ಗ್ರಾಹಕರ ಒಂದು ಪುಟ್ಟ ಲೆಕ್ಕ ಮಾಡೋಣ.

| ಗ್ರಾಹಕ | ಆರಂಭ | ಕೊನೆ | ಏನಾಯಿತು |
|---|---|---|---|
| ಒಂದು | 4,000 | 4,000 | ಬದಲಾವಣೆ ಇಲ್ಲ |
| ಎರಡು | 6,000 | 9,000 | ತಲಾ 300ರಂತೆ 20 ಲಾಗಿನ್ ಇದ್ದದ್ದು 30 ಆಯಿತು |
| ಮೂರು | 10,000 | 7,000 | ಚಿಕ್ಕ ಪ್ಲಾನ್‌ಗೆ ಇಳಿದರು |
| ನಾಲ್ಕು | 5,000 | 0 | ಬಿಟ್ಟುಹೋದರು |
| ಐದು | 0 | 8,000 | ವರ್ಷಕ್ಕೆ 96,000 ಕೊಟ್ಟು ಸೇರಿದರು |
| ಆರು | 5,000 | 6,000 | ಹಳೇ ಪ್ಲಾನ್ ಮುಚ್ಚಿ ಹೊಸ ಪ್ಲಾನ್ ತೆಗೆದುಕೊಂಡರು |

ಆರಂಭದ ಮೊತ್ತ 30,000, ಕೊನೆಯ ಮೊತ್ತ 34,000. ಆರಂಭದ ಅಂಕಿ ಬಿ ಕಾಲಂನಲ್ಲಿ, ಕೊನೆಯ ಅಂಕಿ ಸಿ ಕಾಲಂನಲ್ಲಿ ಇದ್ದರೆ ನಾಲ್ಕು ಪಾಲಿಗೆ ನಾಲ್ಕು ಸೂತ್ರ, ಇದೇ ಕ್ರಮದಲ್ಲಿ: ಹೊಸದು, ಎಕ್ಸ್‌ಪ್ಯಾನ್ಶನ್, ಕಾಂಟ್ರಾಕ್ಷನ್, ಚರ್ನ್.

```
=IF(AND(B2=0,C2>0),C2,0)
=IF(AND(B2>0,C2>B2),C2-B2,0)
=IF(AND(C2>0,C2<B2),B2-C2,0)
=IF(AND(B2>0,C2=0),B2,0)
```

ಒಂದು ಸಾಲು ಹೆಚ್ಚೆಂದರೆ ಒಂದೇ ಪಾಲಿಗೆ ಸೇರುತ್ತದೆ, ಎರಡಕ್ಕೆ ಸೇರಲು ಸಾಧ್ಯವಿಲ್ಲ. ಕೂಡಿದಾಗ ಹೊಸದು 8,000, ಎಕ್ಸ್‌ಪ್ಯಾನ್ಶನ್ 4,000, ಕಾಂಟ್ರಾಕ್ಷನ್ 3,000, ಚರ್ನ್ 5,000. ಆರಂಭದ 30,000ಕ್ಕೆ 12,000 ಸೇರಿಸಿ 8,000 ಕಳೆದರೆ 34,000. ತಾಳೆಯಾಯಿತು.

## ತಾಳೆಯಾದರೂ ತಪ್ಪಿರಬಹುದು

ಆರನೇ ಗ್ರಾಹಕರನ್ನು ಇನ್ನೊಮ್ಮೆ ನೋಡಿ. ಅವರು ಎಲ್ಲಿಗೂ ಹೋಗಿಲ್ಲ. ಒಂದು ಪ್ಲಾನ್‌ನಿಂದ ಇನ್ನೊಂದಕ್ಕೆ ಬದಲಾಗಿ, ಸಾವಿರ ಜಾಸ್ತಿ ಕೊಡುತ್ತಿದ್ದಾರೆ. ಆದರೆ ಬಿಲ್ಲಿಂಗ್ ಸಿಸ್ಟಮ್‌ಗೆ ಬೇಕಾಗಿರುವುದು ಸರಿಯಾದ ಬಿಲ್ ಮಾತ್ರ. ಪ್ಲಾನ್ ಬದಲಾಯಿಸುವಾಗ ಅಲ್ಲಿ ಹಳೇ ಚಂದಾ ರದ್ದಾಗಿ, ಹೊಸ ನಂಬರ್‌ನ ಚಂದಾ ಶುರುವಾಗಿರಬಹುದು. ಶೀಟ್‌ನ ಸಾಲುಗಳನ್ನು ಗ್ರಾಹಕರ ಬದಲು ಚಂದಾ ನಂಬರ್ ಮೇಲೆ ಮಾಡಿದರೆ ಆರನೆಯವರಿಗೆ ಎರಡು ಸಾಲು ಬರುತ್ತದೆ. ಒಂದರಲ್ಲಿ 5,000 ಇದ್ದದ್ದು ಸೊನ್ನೆ. ಇನ್ನೊಂದರಲ್ಲಿ ಸೊನ್ನೆ ಇದ್ದದ್ದು 6,000.

ಆಗ ಬ್ರಿಡ್ಜ್ ಹೀಗಾಗುತ್ತದೆ: ಹೊಸದು 14,000, ಎಕ್ಸ್‌ಪ್ಯಾನ್ಶನ್ 3,000, ಕಾಂಟ್ರಾಕ್ಷನ್ 3,000, ಚರ್ನ್ 10,000. ಕೂಡಿ ಕಳೆಯಿರಿ. ಅದೇ 34,000! ತಾಳೆ ಪಕ್ಕಾ ಬಂದಿದೆ, ಕಥೆ ಮಾತ್ರ ಸುಳ್ಳಾಗಿದೆ. ಚರ್ನ್ ಎರಡರಷ್ಟಾಗಿದೆ. ಇದನ್ನು ನೋಡಿದವರು ಗ್ರಾಹಕರು ಓಡಿಹೋಗುತ್ತಿದ್ದಾರೆ ಎಂದು ಗಾಬರಿಯಾಗುತ್ತಾರೆ. ಅದೇ ಹೊತ್ತಿಗೆ, ತರದೇ ಇದ್ದ ಹೊಸ ಗ್ರಾಹಕರ ಲೆಕ್ಕ ಮಾರಾಟದ ತಂಡದ ಹೆಸರಿಗೆ ಸೇರುತ್ತದೆ.

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ನಾಲ್ಕು ಪಾಲಿನ ಮೊತ್ತ ಸರಿ ಬರಲೇಬೇಕು, ಆದರೆ ಸರಿ ಬಂದಿದೆ ಅನ್ನುವುದು ವಿಂಗಡಣೆ ಸರಿ ಇದೆ ಎಂಬುದಕ್ಕೆ ಸಾಕ್ಷಿ ಅಲ್ಲ. ಒಂದು ಕಡೆ ತಪ್ಪಾಗಿ ಸೇರಿದ್ದು ಇನ್ನೊಂದು ಕಡೆ ಅಷ್ಟೇ ತಪ್ಪಾಗಿ ಕಳೆದುಹೋಗುತ್ತದೆ. ಹಾಗಾಗಿ ಒಟ್ಟು ಮೊತ್ತ ಎಂದೂ ದೂರು ಹೇಳುವುದಿಲ್ಲ.

ಪತ್ತೆ ಮಾಡುವುದು ಕಷ್ಟವೇನಲ್ಲ. ಆ ತಿಂಗಳು ಚರ್ನ್ ಆದವರ ಹೆಸರು ಒಂದು ಕಡೆ, ಹೊಸಬರ ಹೆಸರು ಇನ್ನೊಂದು ಕಡೆ ಇಡಿ. ಎರಡೂ ಕಡೆ ಒಂದೇ ಹೆಸರು, ಒಂದೇ ಇಮೇಲ್ ವಿಳಾಸ ಅಥವಾ ಒಂದೇ ತೆರಿಗೆ ನಂಬರ್ ಸಿಕ್ಕರೆ ಅದು ಹೆಚ್ಚಾಗಿ ಹೋದವರೂ ಅಲ್ಲ, ಬಂದವರೂ ಅಲ್ಲ. ಹಣದ ಬ್ರಿಡ್ಜ್ ಪಕ್ಕದಲ್ಲೇ ಗ್ರಾಹಕರ ಸಂಖ್ಯೆಯ ಬ್ರಿಡ್ಜ್ ಕೂಡ ಇಟ್ಟರೆ ಇನ್ನೂ ಒಳ್ಳೆಯದು. ನಮ್ಮ ಲೆಕ್ಕದಲ್ಲಿ ಐದು ಜನ ಇದ್ದರು, ಒಬ್ಬರು ಬಂದರು, ಒಬ್ಬರು ಹೋದರು, ಈಗಲೂ ಐದು. ತಪ್ಪು ಶೀಟ್ ಇಬ್ಬರು ಬಂದರು, ಇಬ್ಬರು ಹೋದರು ಅನ್ನುತ್ತದೆ. ಗ್ರಾಹಕರನ್ನು ದಿನಾ ಮಾತಾಡಿಸುವ ಸಹೋದ್ಯೋಗಿಗೆ ಆ ಎರಡನೇ ಹೆಸರು ತೋರಿಸಿ. "ಅಯ್ಯೋ, ಅವರೆಲ್ಲಿ ಹೋದ್ರು? ನಿನ್ನೆ ತಾನೇ ಫೋನ್ ಮಾಡಿದ್ರು" ಅಂತ ಉತ್ತರ ಬರುತ್ತದೆ.

ಗ್ರಾಹಕ ಅಂದರೆ ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಒಂದೇ ಸಂಸ್ಥೆಯ ಮೂರು ವಿಭಾಗ ಮೂರು ಖಾತೆ ತೆರೆದಿದ್ದರೆ ಅವರು ಒಬ್ಬರೋ ಮೂವರೋ? ಹಣ ಯಾರು ಮಂಜೂರು ಮಾಡುತ್ತಾರೋ ಅವರನ್ನು ಒಬ್ಬ ಗ್ರಾಹಕ ಎಂದು ಎಣಿಸುವುದು ನನ್ನ ಪ್ರಕಾರ ಸರಿ. ಬಿಡುವ ನಿರ್ಧಾರವೂ ಅಲ್ಲಿಂದಲೇ ಬರುತ್ತದೆ. ಬೇರೆ ನಿಯಮ ಇಟ್ಟುಕೊಂಡರೂ ಪರವಾಗಿಲ್ಲ, ಆದರೆ ಪ್ರತಿ ತಿಂಗಳೂ ಅದೇ ನಿಯಮ ಇರಬೇಕು.

## ಹೋದರು ಅಂತ ಎಣಿಸುವುದು ಯಾವತ್ತು

ಗ್ರಾಹಕರೊಬ್ಬರು 10ನೇ ತಾರೀಖು "ಇನ್ನು ಬೇಡ" ಎಂದು ಬರೆದರು. ಅವರು ಕಟ್ಟಿದ ಹಣದ ಅವಧಿ ಇನ್ನೂ ನಾಲ್ಕು ತಿಂಗಳಿದೆ. ಚರ್ನ್ ಯಾವ ತಿಂಗಳಿಗೆ ಸೇರಬೇಕು?

ನೋಟಿಸ್ ಬಂದ ದಿನವೇ ಎಣಿಸಿದರೆ ಕೆಟ್ಟ ಸುದ್ದಿ ಬೇಗ ಕಾಣುತ್ತದೆ. ಆದರೆ ಇನ್ನೂ ಚಾಲ್ತಿಯಲ್ಲಿರುವ, ಹಣ ಕಟ್ಟಿರುವ ಚಂದಾ ಎಂಆರ್‌ಆರ್‌ನಿಂದ ಹೊರಗೆ ಹೋಗುತ್ತದೆ. ಅವಧಿ ಮುಗಿದ ದಿನ ಎಣಿಸಿದರೆ ಎಂಆರ್‌ಆರ್ ನಿಜಕ್ಕೆ ಹತ್ತಿರ ಇರುತ್ತದೆ, ಸುದ್ದಿ ಮಾತ್ರ ನಾಲ್ಕು ತಿಂಗಳು ತಡ. ಅವಧಿ ಮುಗಿದ ದಿನಕ್ಕೆ ಎಣಿಸಿ, ನೋಟಿಸ್ ಕೊಟ್ಟವರ ಮೊತ್ತವನ್ನು ಬ್ರಿಡ್ಜ್ ಕೆಳಗೆ ಬೇರೆ ಸಾಲಿನಲ್ಲಿ ತೋರಿಸುವುದು ನನಗೆ ಒಪ್ಪಿಗೆಯಾಗುವ ದಾರಿ.

ವರ್ಷದ ಚಂದಾದಾರರು ಜಾಸ್ತಿ ಇರುವ ಕಂಪನಿಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಯಾವುದೇ ತಿಂಗಳು ಬಿಡಲು ಅವಕಾಶ ಇರುವುದು ಆ ತಿಂಗಳು ಅವಧಿ ಮುಗಿಯುವವರಿಗೆ ಮಾತ್ರ. ಆರಂಭದ ಎಂಆರ್‌ಆರ್ 5,00,000, ಅದರಲ್ಲಿ ಈ ತಿಂಗಳು ನವೀಕರಣಕ್ಕೆ ಬಂದದ್ದು 40,000, ಹೋದದ್ದು 10,000 ಅನ್ನಿ. ಒಟ್ಟಿನ ಮೇಲೆ ಲೆಕ್ಕ ಹಾಕಿದರೆ ಚರ್ನ್ ಶೇಕಡ 2. ಬಾಗಿಲ ಹತ್ತಿರ ಬಂದವರಲ್ಲಿ ಹೋದದ್ದು ಶೇಕಡ 25. ಬ್ರಿಡ್ಜ್‌ನ ಕೆಂಪು ತುಂಡು ಪುಟ್ಟದಾಗಿಯೇ ಇರುತ್ತದೆ, ಯಾಕಂದರೆ ಅದಕ್ಕೆ ಗೊತ್ತಿರುವುದು ಹತ್ತು ಸಾವಿರ ಹೋಯಿತು ಎಂಬುದಷ್ಟೇ.

## ಕಾರ್ಡ್ ಕೈಕೊಟ್ಟಾಗ, ರಿಯಾಯಿತಿ ಮುಗಿದಾಗ

ತಿಂಗಳ ಕೊನೆಯ ದಿನ ಒಬ್ಬರ ಕಾರ್ಡ್ ಅವಧಿ ಮುಗಿದು ಹಣ ಕಟ್ ಆಗಲಿಲ್ಲ. ಸಿಸ್ಟಮ್ ತಕ್ಷಣ ಚಂದಾ ನಿಲ್ಲಿಸಿತು. ಮೂರು ದಿನ ಬಿಟ್ಟು ಅವರು ಹೊಸ ಕಾರ್ಡ್ ಹಾಕಿದರು. ಮೇಲಿನ ಸೂತ್ರಗಳ ಪ್ರಕಾರ ಈ ತಿಂಗಳು ಒಂದು ಚರ್ನ್, ಮುಂದಿನ ತಿಂಗಳು ಒಬ್ಬ ಹೊಸ ಗ್ರಾಹಕ. ನಿಜವಾಗಿ ಏನೂ ಆಗಿಲ್ಲ. ಇದಕ್ಕೇ ಹೆಚ್ಚಿನವರು ಕೆಲವು ವಾರ ಕಾಯುವ ಅವಧಿ ಇಟ್ಟುಕೊಳ್ಳುತ್ತಾರೆ. ಅಷ್ಟರೊಳಗೆ ಹಣ ಬಂದರೆ ಹೋದವರೆಂದು ಎಣಿಸುವುದಿಲ್ಲ.

ನಿಜವಾಗಿಯೇ ಬಿಟ್ಟು, ಆರು ತಿಂಗಳ ನಂತರ ಮರಳಿ ಬಂದವರು? ಅವರನ್ನು ಹೊಸಬರ ಜೊತೆ ಸೇರಿಸಿದರೆ ಹೊಸ ಮಾರಾಟ ಉಬ್ಬಿ ಕಾಣುತ್ತದೆ. ಅದಕ್ಕೆ ಐದನೆಯ ತುಂಡು ಒಂದನ್ನು ಕೆಲವರು ಇಡುತ್ತಾರೆ, ರಿಆಕ್ಟಿವೇಶನ್ ಎಂದು. ಶೀಟ್‌ನಲ್ಲಿ ಗ್ರಾಹಕರು ಮೊದಲ ಸಲ ಹಣ ಕೊಟ್ಟ ತಾರೀಖಿನ ಕಾಲಂ ಒಂದಿದ್ದರೆ ಇದನ್ನು ಬೇರ್ಪಡಿಸಬಹುದು.

ಎಕ್ಸ್‌ಪ್ಯಾನ್ಶನ್ ಕಡೆಗೂ ಹೀಗೇ ಒಂದು ಬಲೆ ಇದೆ. ಸೇರುವಾಗ ಮೂರು ತಿಂಗಳು ಅರ್ಧ ಬೆಲೆ ಎಂದು ಕೊಟ್ಟಿರುತ್ತಾರೆ. 8,000ದ ಪ್ಲಾನ್ 4,000 ಎಂದು ದಾಖಲಾಗುತ್ತದೆ. ನಾಲ್ಕನೇ ತಿಂಗಳು ಪೂರ್ತಿ ಬೆಲೆ ಶುರುವಾದಾಗ 4,000 ಎಕ್ಸ್‌ಪ್ಯಾನ್ಶನ್ ಎಂದು ಹಸಿರಾಗಿ ಹೊಳೆಯುತ್ತದೆ. ಗ್ರಾಹಕರು ಒಂದೇ ಒಂದು ಲಾಗಿನ್ ಕೂಡ ಹೆಚ್ಚಿಗೆ ತೆಗೆದುಕೊಂಡಿಲ್ಲ. ಎಲ್ಲರಿಗೂ ಬೆಲೆ ಏರಿಸಿದ ತಿಂಗಳೂ ಇದೇ ರೀತಿ ಕಾಣುತ್ತದೆ. ಎಕ್ಸ್‌ಪ್ಯಾನ್ಶನ್ ಇದ್ದಕ್ಕಿದ್ದಂತೆ ಜಿಗಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಜಾಸ್ತಿ ಕೊಂಡರೋ, ಅದೇ ವಸ್ತುವಿಗೆ ಜಾಸ್ತಿ ಕೊಟ್ಟರೋ? ಲಾಗಿನ್‌ಗಳ ಸಂಖ್ಯೆ ಮತ್ತು ತಲಾ ಬೆಲೆ ಎರಡೂ ಶೀಟ್‌ನಲ್ಲಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.

## ಮೂರು ತಿಂಗಳ ಬ್ರಿಡ್ಜ್ ಕೂಡಿದರೆ ತ್ರೈಮಾಸಿಕ ಬರುವುದಿಲ್ಲ ಯಾಕೆ

ಇದು ಎಷ್ಟೋ ಜನರನ್ನು ಕಾಡುವ ಪ್ರಶ್ನೆ. ಜನವರಿ, ಫೆಬ್ರವರಿ, ಮಾರ್ಚ್ ಬ್ರಿಡ್ಜ್‌ಗಳ ನಾಲ್ಕೂ ಪಾಲನ್ನು ಕೂಡುತ್ತಾರೆ. ಆಮೇಲೆ ಡಿಸೆಂಬರ್ ಕೊನೆ ಮತ್ತು ಮಾರ್ಚ್ ಕೊನೆಯ ಪಟ್ಟಿ ಇಟ್ಟು ಒಂದೇ ಬ್ರಿಡ್ಜ್ ಮಾಡುತ್ತಾರೆ. ನಿವ್ವಳ ಬದಲಾವಣೆ ಒಂದೇ ಬರುತ್ತದೆ, ಪಾಲುಗಳು ಬೇರೆ ಬರುತ್ತವೆ. ಎಲ್ಲೋ ತಪ್ಪಾಗಿದೆ ಎಂದು ಹುಡುಕಲು ಕೂರುತ್ತಾರೆ.

ತಪ್ಪು ಎಲ್ಲೂ ಆಗಿಲ್ಲ. ಜನವರಿಯಲ್ಲಿ 2,000ಕ್ಕೆ ಸೇರಿದವರು ಫೆಬ್ರವರಿಯಲ್ಲಿ 5,000ಕ್ಕೆ ಏರಿದರು ಅನ್ನಿ. ತಿಂಗಳ ಲೆಕ್ಕದಲ್ಲಿ ಹೊಸದು 2,000, ಎಕ್ಸ್‌ಪ್ಯಾನ್ಶನ್ 3,000. ತ್ರೈಮಾಸಿಕದ ಲೆಕ್ಕಕ್ಕೆ ಡಿಸೆಂಬರ್ ಕೊನೆಯಲ್ಲಿ ಅವರು ಇರಲೇ ಇಲ್ಲ, ಹಾಗಾಗಿ ಪೂರ್ತಿ 5,000 ಹೊಸದು. ಇನ್ನೊಬ್ಬರು ಜನವರಿಯಲ್ಲಿ ಬಂದು ಮಾರ್ಚ್‌ನಲ್ಲಿ ಹೋದರೆ ತಿಂಗಳ ಬ್ರಿಡ್ಜ್‌ಗಳಲ್ಲಿ ಅವರು ಹೊಸಬರಾಗಿಯೂ ಚರ್ನ್ ಆಗಿಯೂ ಕಾಣುತ್ತಾರೆ. ತ್ರೈಮಾಸಿಕದಲ್ಲಿ ಅವರ ಸುಳಿವೇ ಇಲ್ಲ. ಅದೇ ಕಾರಣಕ್ಕೆ, 5ರಂದು ಸೇರಿ 25ರಂದು ಬಿಟ್ಟವರು ತಿಂಗಳ ಬ್ರಿಡ್ಜ್‌ನಲ್ಲೂ ಕಾಣುವುದಿಲ್ಲ. ಎರಡು ದಿನದ ಪಟ್ಟಿಯ ನಡುವೆ ಬಂದುಹೋದದ್ದು ಈ ವಿಧಾನದ ಕಣ್ಣಿಗೆ ಬೀಳುವುದೇ ಇಲ್ಲ.

ಅವಧಿ ಉದ್ದವಾದಷ್ಟೂ ಚರ್ನ್ ಮತ್ತು ಹೊಸದು ಎರಡೂ ಈ ಕಾರಣಕ್ಕೆ ಚಿಕ್ಕದಾಗಿ ಕಾಣಬಹುದು. ಹಾಗಾಗಿ ಒಂದು ಕಂಪನಿಯ ತಿಂಗಳ ಬ್ರಿಡ್ಜ್‌ಗಳ ಮೊತ್ತವನ್ನು ಇನ್ನೊಂದರ ತ್ರೈಮಾಸಿಕ ಬ್ರಿಡ್ಜ್ ಜೊತೆ ಹೋಲಿಸಲು ಬರುವುದಿಲ್ಲ. ವರದಿಯಲ್ಲಿ ತ್ರೈಮಾಸಿಕ ಅಂಕಿ ಕಂಡಾಗ ಅದು ಮೂರು ತಿಂಗಳುಗಳನ್ನು ಕೂಡಿದ್ದೋ, ಎರಡು ತುದಿಯ ಪಟ್ಟಿ ಹೋಲಿಸಿದ್ದೋ ಎಂದು ಕೇಳಿ. ಬ್ರಿಡ್ಜ್ ಮಾಡುವವರು ನೀವೇ ಆದರೆ ಚಿತ್ರದ ಕೆಳಗೆ ಅದನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಜೊತೆಗೆ, ಯಾರನ್ನು ಒಬ್ಬ ಗ್ರಾಹಕ ಎಂದು ಎಣಿಸಿದ್ದೀರಿ, ಹೋದವರನ್ನು ಯಾವ ದಿನಕ್ಕೆ ಎಣಿಸಿದ್ದೀರಿ ಎಂಬುದನ್ನೂ ಬರೆಯಿರಿ.